ಹೋಲಿಸುವವರು ಸುಮ್ಮನಾದರೂ ಹೋಲಿಕೆ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನನಗೆ 28 ವರ್ಷ. ಊರು ತುಮಕೂರು ಹತ್ತಿರ. ಬೆಂಗಳೂರಿನಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ದೊಡ್ಡಪ್ಪನ ಮಗಳು ನನಗಿಂತ ಎಂಟು ತಿಂಗಳು ದೊಡ್ಡವಳು. ಚಿಕ್ಕಂದಿನಿಂದ ಅಜ್ಜಿ, ಅತ್ತೆ, ದೊಡ್ಡಮ್ಮ ಎಲ್ಲರೂ ನನ್ನನ್ನು ಅವಳ ಪಕ್ಕ ನಿಲ್ಲಿಸಿಯೇ ಮಾತಾಡುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ 84 ಪರ್ಸೆಂಟ್, ಅವಳಿಗೆ 93. ಅವಳು ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದಳು, ನಾನು ಬಿಕಾಂ ಮಾಡಿದೆ. ನನ್ನ ಬಣ್ಣದ ಬಗ್ಗೆಯೂ ಮಾತು ಬರುತ್ತಿತ್ತು. ಈಗ ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೂ ಏನು ಮಾಡಿದರೂ ನಾನು ಸಾಲದು ಅನ್ನಿಸುತ್ತದೆ. ಹೋದ ತಿಂಗಳು ಮ್ಯಾನೇಜರ್ ಟೀಮ್ ಲೀಡ್ ಆಗ್ತೀಯಾ ಅಂತ ಕೇಳಿದಾಗ ಬೇಡ ಅಂದೆ. ಫಂಕ್ಷನ್‌ಗಳಿಗೆ ಹೋಗುವುದನ್ನೂ ಬಿಟ್ಟಿದ್ದೇನೆ. ಮುಂದಿನ ತಿಂಗಳು ಚಿಕ್ಕಪ್ಪನ ಮನೆ ಗೃಹಪ್ರವೇಶ ಇದೆ, ಎಲ್ಲರೂ ಬರುತ್ತಾರೆ. ನನಗೆ ಯಾಕೆ ಹೀಗಾಗುತ್ತಿದೆ? ಇದು ಹೋಗುತ್ತಾ? ಅಮ್ಮನ ಹತ್ತಿರ ಈ ವಿಷಯ ಮಾತಾಡಲಾ?

ಉತ್ತರ: ಗುರುತೇ ಉಳಿಯದ ಹಾಗೆ ಹೋಗುತ್ತದೆ ಅಂತ ಹೇಳಲಾರೆ. ಆದರೆ ನಿಮ್ಮ ತೀರ್ಮಾನಗಳನ್ನು ಅದೇ ಮಾಡುವಂಥ ಸ್ಥಿತಿ ಖಂಡಿತ ಬದಲಾಗುತ್ತದೆ. ಅದಕ್ಕೆ ನಿಮ್ಮ ಅತ್ತೆಯೋ ದೊಡ್ಡಮ್ಮನೋ ಬದಲಾಗಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಜಾಸ್ತಿ ಹೊತ್ತು ನಿಂತದ್ದು ಮಾರ್ಕ್ಸಿನ ಮೇಲಲ್ಲ, ಮ್ಯಾನೇಜರಿಗೆ ನೀವು ಕೊಟ್ಟ ಉತ್ತರದ ಮೇಲೆ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಶಾಲೆಯಲ್ಲಿ ಮೇಷ್ಟ್ರು ಕ್ಲಾಸಿಗೆ ಫಸ್ಟ್ ಬಂದವಳನ್ನು ತೋರಿಸಿ ಬೈದರೆ ಮಕ್ಕಳಿಗೆ ಬೇಜಾರಾಗುತ್ತದೆ, ಸಂಜೆಗೆ ಮರೆತೂ ಹೋಗುತ್ತದೆ. ದೊಡ್ಡಪ್ಪನ ಮಗಳನ್ನು ತೋರಿಸಿ ಹೇಳಿದ ಮಾತು ಇಪ್ಪತ್ತು ವರ್ಷ ಉಳಿಯುತ್ತದೆ. ಯಾಕೆ? 1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಒಂದು ವಿಷಯ ಮಂಡಿಸಿದರು. ನಮ್ಮ ಸಾಮರ್ಥ್ಯವನ್ನು ಅಳೆಯಲು ಸರಿಯಾದ ಮಾಪನ ಸಿಗದಿದ್ದಾಗ ನಾವು ಬೇರೆಯವರನ್ನು ನೋಡಿ ಅಳೆದುಕೊಳ್ಳುತ್ತೇವೆ. ಅದರಲ್ಲೂ ನಮ್ಮಂತೆಯೇ ಇರುವವರನ್ನು ಹುಡುಕಿಕೊಳ್ಳುತ್ತೇವೆ. ಒಂದೇ ವಯಸ್ಸಿನ ಕಸಿನ್‌ಗಿಂತ ನಮ್ಮಂತೆ ಇರುವವರು ಯಾರು ಸಿಗುತ್ತಾರೆ ಹೇಳಿ. ಅದೇ ಅಜ್ಜಿ ತಾತ, ಅದೇ ಮನೆತನ, ಬೇಸಿಗೆ ರಜೆಯಲ್ಲಿ ಒಂದೇ ಹಾಸಿಗೆ. ಬೇರೆ ಹುಡುಗಿಯಾಗಿದ್ದರೆ "ಅವರಪ್ಪ ಲೆಕ್ಚರರ್, ಮನೆಯಲ್ಲೇ ಪಾಠ ಹೇಳಿಕೊಡ್ತಾರೆ" ಅಂತ ಮಗು ತನಗೆ ತಾನೇ ಸಮಾಧಾನ ಹೇಳಿಕೊಳ್ಳಬಹುದು. ಕಸಿನ್ ವಿಷಯದಲ್ಲಿ ಆ ದಾರಿಯೂ ಮುಚ್ಚಿರುತ್ತದೆ. ದೊಡ್ಡಪ್ಪನ ಮನೆಯ ಪರಿಸ್ಥಿತಿ, ಶಾಲೆ, ಟ್ಯೂಷನ್, ಮನೆಯೊಳಗಿನ ಓದಿನ ವಾತಾವರಣ ಎಲ್ಲ ಬೇರೆಯೇ ಇದ್ದಿರಬಹುದು. ಆದರೆ ಎಂಟು ವರ್ಷದ ಮಗುವಿಗೆ ಅದು ಕಾಣುವುದಿಲ್ಲ. ಕಾಣುವುದು ಒಂದೇ: ಇಬ್ಬರೂ ಒಂದೇ ಥರ, ಆದರೂ ಅವಳು ಮುಂದೆ, ಹಾಗಾದರೆ ನನ್ನಲ್ಲೇ ಏನೋ ಕಡಿಮೆ.

1988ರಲ್ಲಿ ಏಬ್ರಹಾಂ ಟೆಸ್ಸರ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ತಿರುವು ಸೇರಿಸಿದರು. ಹತ್ತಿರದವರು ಗೆದ್ದರೆ ನಮಗೆ ನೋವೂ ಆಗಬಹುದು, ಹೆಮ್ಮೆಯೂ ಆಗಬಹುದು. ಯಾವುದಾಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು, ಅವರು ಗೆದ್ದ ವಿಷಯ ನಮ್ಮ ಬೆಲೆಗೆ ಎಷ್ಟು ಅಂಟಿಕೊಂಡಿದೆ ಅನ್ನುವುದು. ನಿಮ್ಮ ಅಕ್ಕ ಚೆನ್ನಾಗಿ ಹಾಡುತ್ತಿದ್ದರೆ, ನಿಮಗೆ ಹಾಡುವುದು ದೊಡ್ಡ ವಿಷಯವೇ ಅಲ್ಲದಿದ್ದರೆ, "ನಮ್ಮ ಅಕ್ಕ" ಅಂತ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದಿರಿ. ಮಾರ್ಕ್ಸಿನಲ್ಲಿ, ಬಣ್ಣದಲ್ಲಿ, ಕೆಲಸದಲ್ಲಿ ನೋವಾಗುವುದು ಯಾಕೆಂದರೆ, ಹುಡುಗಿಯ ಬೆಲೆ ಇರುವುದೇ ಈ ಮೂರರಲ್ಲಿ ಅಂತ ಮನೆಯಲ್ಲಿ ಮೊದಲೇ ಗೊತ್ತುಮಾಡಿಬಿಟ್ಟಿದ್ದರು. ನೀವು ಸ್ಪರ್ಧೆಗೆ ಹೆಸರು ಕೊಟ್ಟಿರಲಿಲ್ಲ. ವಿಷಯ ಆರಿಸಿದವರೂ ನೀವಲ್ಲ.

ನೆಂಟರು ಯಾಕೆ ಹೀಗೆ ಮಾಡುತ್ತಾರೆ ಅನ್ನುವ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಮಾತು ಅನೇಕ ಸಲ ದೊಡ್ಡವರ ನಡುವಿನ ಮಾತು. ಅಣ್ಣತಮ್ಮಂದಿರ ನಡುವೆ ಭಾಗದ ವಿಷಯವೋ, ಯಾವ ಸೊಸೆ ತವರಿನಿಂದ ಏನು ತಂದಳು ಅನ್ನುವುದೋ ಇರುತ್ತದೆ. ಅದನ್ನು ಬಾಯಿಬಿಟ್ಟು ಆಡುವ ಹಾಗಿಲ್ಲ. ಮಕ್ಕಳ ರಿಸಲ್ಟ್ ಬಗ್ಗೆ ಆಡಬಹುದು. "ನಿಮ್ಮವಳದು ಎಷ್ಟು ಬಂತು?" ಅನ್ನುವ ಪ್ರಶ್ನೆ ಬಹಳ ಸಲ ನಿಮಗೆ ಕೇಳಿದ್ದಲ್ಲ, ನಿಮ್ಮ ಅಮ್ಮನಿಗೆ ಕೇಳಿದ್ದು. ನಿಮ್ಮ ಮನೆಯಲ್ಲಿ ಹಾಗೇ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಒಮ್ಮೆ ನೆನಪಿಸಿಕೊಂಡು ನೋಡಿ.

ಆದರೆ ಒಂದು ವಿಷಯ ಗಮನಿಸಿದ್ದೇನೆ. ನನ್ನ ಹತ್ತಿರ ಬರುವವರು ಮೊದಲ ದಿನ ಅತ್ತೆ ಏನಂದರು, ಮಾವ ಏನಂದರು ಅಂತ ಹೇಳುತ್ತಾರೆ. ಕೆಲವು ವಾರ ಕಳೆದ ಮೇಲೆ ಕಣ್ಣೀರು ಬರುವುದು ಬೇರೆ ಜಾಗದಲ್ಲಿ. "ಅತ್ತೆ ಹಾಗಂದಾಗ ಅಮ್ಮ ಪಕ್ಕದಲ್ಲೇ ಇದ್ದಳು. ಏನೂ ಹೇಳಲಿಲ್ಲ." ಅಥವಾ "ಮನೆಗೆ ಬಂದಮೇಲೆ ಅಮ್ಮನೂ ಅದನ್ನೇ ಹೇಳಿದಳು." ಅತ್ತೆಯ ಮಾತು ಒಂದು ಅಭಿಪ್ರಾಯ. ಅಮ್ಮ ಸುಮ್ಮನಿದ್ದರೆ ಮಗುವಿಗೆ ಅದು ಸಹಿ ಬಿದ್ದ ತೀರ್ಪು. ನಿಮ್ಮ ಮೂರನೇ ಪ್ರಶ್ನೆ ಅಮ್ಮನ ಬಗ್ಗೆಯೇ ಇದೆ, ಕೊನೆಗೆ ಅಲ್ಲಿಗೇ ಬರುತ್ತೇನೆ.

ಈಗ ಮುಖ್ಯ ವಿಷಯ. ಹೋಲಿಸುವವರು ಸುಮ್ಮನಾದ ಮೇಲೂ ಇದು ಯಾಕೆ ನಡೆಯುತ್ತಲೇ ಇದೆ?

ಕೀಳರಿಮೆಗೆ ಕೊಡುವ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ, ಅಂದರೆ ಸಿಬಿಟಿಯಲ್ಲಿ, ನಾವು ಬಹಳವಾಗಿ ಬಳಸುವ ಒಂದು ವಿವರಣೆ ಬ್ರಿಟನ್ನಿನ ಮೆಲನಿ ಫೆನೆಲ್ ಅವರದು, 1997ರದು. ಅವರು ಹೇಳುವ ಪ್ರಕಾರ ಚಿಕ್ಕಂದಿನ ಅನುಭವಗಳಿಂದ ನಮ್ಮೊಳಗೆ ನಮ್ಮ ಬಗ್ಗೆಯೇ ಒಂದು ತೀರ್ಮಾನ ಕೂತುಬಿಡುತ್ತದೆ. ನಿಮ್ಮದು "ನಾನು ಸಾಲದು". ಇಂಥ ತೀರ್ಮಾನ ಹೊತ್ತುಕೊಂಡು ದಿನಾ ಬದುಕುವುದು ಕಷ್ಟ. ಹಾಗಾಗಿ ಮನಸ್ಸು ಅದರ ಮೇಲೆ ಕೆಲವು ನಿಯಮ ಕಟ್ಟಿಕೊಳ್ಳುತ್ತದೆ. "ತಪ್ಪೇ ಮಾಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ." "ಹಿಂದೆ ನಿಂತರೆ ಯಾರೂ ನೋಡುವುದಿಲ್ಲ." ನಿಯಮ ಪಾಲಿಸಿದಷ್ಟು ಕಾಲ ಉಸಿರಾಡಬಹುದು. ಅಕೌಂಟ್ಸ್‌ನಲ್ಲಿ ನಿಮ್ಮ ಎಂಟ್ರಿಗಳು ಒಂದೂ ತಪ್ಪಿರುವುದಿಲ್ಲ, ನೀವು ಕಳಿಸುವ ಮೇಲ್ ಮೂರು ಸಲ ಓದಿಯೇ ಹೋಗುತ್ತದೆ ಅಂತ ನನ್ನ ಊಹೆ. ಟೀಮ್ ಲೀಡ್ ಅಂದರೆ ಈ ನಿಯಮ ಮುರಿಯುತ್ತದೆ. ಎಲ್ಲರ ಮುಂದೆ ನಿಲ್ಲಬೇಕು, ತಪ್ಪಾದರೆ ಕಾಣುತ್ತದೆ. ತಕ್ಷಣ ಮನಸ್ಸು ಭವಿಷ್ಯ ನುಡಿಯುತ್ತದೆ: "ಆಗಲ್ಲ, ನಗೆಪಾಟಲಾಗ್ತೀನಿ." ನೀವು ಬೇಡ ಅಂದಿರಿ. ಎದೆ ಹಗುರವಾಯಿತು. ಸಂಜೆ ಹೊತ್ತಿಗೆ "ನೋಡು, ಅವಳಾಗಿದ್ದರೆ ಒಪ್ಪಿಕೊಳ್ಳುತ್ತಿದ್ದಳು" ಅನ್ನುವ ಮಾತು ಬಂದಿರಬೇಕು, ಅಲ್ವಾ?

ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಿ. ಆ ದಿನ ನಿಮ್ಮನ್ನು ಯಾವ ನೆಂಟರೂ ಹೋಲಿಸಲಿಲ್ಲ. ಮ್ಯಾನೇಜರ್ ನಿಮ್ಮಲ್ಲಿ ಏನೋ ನೋಡಿಯೇ ಕೇಳಿದರು. "ನಾನು ಸಾಲದು" ಅನ್ನುವುದಕ್ಕೆ ವಿರುದ್ಧವಾದ ಸಾಕ್ಷಿ ಎದುರಿಗೇ ಬಂದು ನಿಂತಿತ್ತು. ಬೇಡ ಅಂದ ಕ್ಷಣ ಅದು ಪರೀಕ್ಷೆಯಾಗದೆ ವಾಪಸ್ ಹೋಯಿತು. ಮೇಲಾಗಿ, ಬೇಡ ಅಂದದ್ದೇ ಹಳೆಯ ತೀರ್ಮಾನದ ಪರ ಹೊಸ ಸಾಕ್ಷಿಯಾಯಿತು. ಹದಿನೈದು ವರ್ಷದ ಹಿಂದಿನ ಮಾತು ಇವತ್ತಿಗೂ ಜೀವಂತವಾಗಿರುವುದು ಹೀಗೆ. ಅದನ್ನು ಉಳಿಸುತ್ತಿರುವುದು ತಪ್ಪಿಸಿಕೊಳ್ಳುವ ಅಭ್ಯಾಸ. ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ. ನೆಂಟರ ಬಾಯಿ ನಿಮ್ಮ ಕೈಯಲ್ಲಿಲ್ಲ, ಈ ಅಭ್ಯಾಸ ನಿಮ್ಮ ಕೈಯಲ್ಲಿದೆ ಅಂತ ಹೇಳುತ್ತಿದ್ದೇನೆ.

ಬಿಡಿಸುವುದು ಹೇಗೆ ಅಂತ ಒಬ್ಬರ ಉದಾಹರಣೆಯಿಂದ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇವರು ಹಾಸನ ಕಡೆಯವರು, ಮೂವತ್ತರ ಆಸುಪಾಸು, ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಚಿಕ್ಕಮ್ಮನ ಮಗ ಡಾಕ್ಟರು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಆ ಡಾಕ್ಟರಿಗೆ ಫೋನು, ಫೋನ್ ಇಟ್ಟಮೇಲೆ ಇವರ ಕಡೆ ಒಂದು ನೋಟ. ಬ್ಯಾಂಕಿನಲ್ಲಿ ತಿಂಗಳ ಮೀಟಿಂಗ್ ಇರುತ್ತದೆ. ಸಾಲ ವಸೂಲಿ ಬಗ್ಗೆ ಇವರಿಗೆ ಒಳ್ಳೆಯ ಒಂದು ಯೋಚನೆ ಇತ್ತು. ವರ್ಷಗಟ್ಟಲೆ ಬಾಯಿ ಬಿಟ್ಟಿರಲಿಲ್ಲ.

ಮೊದಲು ಮಾಡಿದ್ದು, ಭಯವನ್ನು ಪರೀಕ್ಷಿಸಬಹುದಾದ ಮಾತಿನಲ್ಲಿ ಬರೆದದ್ದು. "ಕೆಟ್ಟದಾಗುತ್ತೆ" ಅಂತ ಬರೆದರೆ ಅದನ್ನು ಪರೀಕ್ಷಿಸಲು ಆಗುವುದಿಲ್ಲ. ಕೆಟ್ಟದು ಅಂದರೆ ಏನು, ಯಾರು, ಎಷ್ಟು? ಕೊನೆಗೆ ಹೀಗೆ ಬರೆದರು: "ನಾನು ಮಾತಾಡಿದರೆ ಕನಿಷ್ಠ ಇಬ್ಬರು ನಗುತ್ತಾರೆ. ಮ್ಯಾನೇಜರ್ ನನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ." ಇದನ್ನು ಎಷ್ಟು ನಂಬುತ್ತೀರಿ ಅಂತ ಕೇಳಿದಾಗ ನೂರಕ್ಕೆ 85 ಅಂದರು.

ಎರಡನೆಯದು ಸ್ವಲ್ಪ ಸೂಕ್ಷ್ಮ, ಮನೆಯಲ್ಲಿ ತಾವೇ ಮಾಡಿಕೊಳ್ಳುವವರು ಇದನ್ನೇ ಬಿಟ್ಟುಬಿಡುತ್ತಾರೆ. ಭಯ ಇರುವವರು ಆ ಜಾಗಕ್ಕೆ ಹೋದರೂ ಒಂದು ಗುರಾಣಿ ಹಿಡಿದೇ ಹೋಗುತ್ತಾರೆ. ಇವರದು ಏನಿತ್ತು? ಹೇಳುವುದನ್ನೆಲ್ಲ ಬರೆದುಕೊಂಡು, ತಲೆ ಎತ್ತದೆ, ಒಂದೇ ಉಸಿರಿಗೆ ಓದಿಬಿಡುವುದು. ಶುರುವಿನಲ್ಲೇ "ಇದು ಸರಿ ಇಲ್ಲದೇ ಇರಬಹುದು ಸರ್" ಅಂತ ಸೇರಿಸುವುದು. ಹಾಗೆ ಮಾತಾಡಿ ಯಾರೂ ನಗದಿದ್ದರೆ ಮನಸ್ಸು ಏನನ್ನುತ್ತದೆ ಗೊತ್ತಾ? "ಬರೆದುಕೊಂಡು ಹೋಗಿದ್ದಕ್ಕೆ ಬಚಾವಾದೆ." ತೀರ್ಮಾನ ಇದ್ದಲ್ಲೇ ಇರುತ್ತದೆ. ಆದ್ದರಿಂದ ಎರಡು ಷರತ್ತು ಹಾಕಿಕೊಂಡೆವು. ಚೀಟಿಯಲ್ಲಿ ಮೂರು ಪದಕ್ಕಿಂತ ಜಾಸ್ತಿ ಇರಬಾರದು. ಮಾತಾಡುವಾಗ ಎದುರಿನವರ ಮುಖ ನೋಡಬೇಕು. ಕ್ಷಮೆ ಕೇಳುವ ಪೀಠಿಕೆಯನ್ನು ಮೊದಲ ಸಲಕ್ಕೆ ಬಿಟ್ಟುಕೊಟ್ಟೆವು, ಎಲ್ಲ ಒಟ್ಟಿಗೆ ಬಿಡಿ ಅಂದರೆ ಯಾರೂ ಮಾಡುವುದಿಲ್ಲ.

ಮೀಟಿಂಗ್‌ನಲ್ಲಿ ಆದದ್ದು ಇಷ್ಟು. ಧ್ವನಿ ನಡುಗಿತು. ಯಾರೂ ನಗಲಿಲ್ಲ. ಒಬ್ಬ ಸಹೋದ್ಯೋಗಿ ಫೋನ್ ನೋಡುತ್ತಿದ್ದ. ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದರು, ಇವರಿಗೆ ಉತ್ತರ ಅರ್ಧ ಗೊತ್ತಿತ್ತು, ಅರ್ಧ "ನೋಡಿ ಹೇಳ್ತೀನಿ ಸರ್" ಅಂದರು. ಚಪ್ಪಾಳೆ ಇಲ್ಲ, ಹೊಗಳಿಕೆಯೂ ಇಲ್ಲ. ಮುಂದಿನ ವಿಷಯಕ್ಕೆ ಹೋದರು. ನನ್ನ ಹತ್ತಿರ ಬಂದಾಗ "ಫ್ಲಾಪ್ ಆಯ್ತು ಮೇಡಂ" ಅಂದರು. ಬರೆದಿಟ್ಟ ಹಾಳೆ ತೆಗೆದು ಓದಿದೆವು. ನಕ್ಕವರು ಎಷ್ಟು? ಯಾರೂ ಇಲ್ಲ. ಅರ್ಧಕ್ಕೆ ನಿಲ್ಲಿಸಿದರಾ? ಇಲ್ಲ, ಪ್ರಶ್ನೆ ಕೇಳಿದರು. ಮುಂಚೆಯೇ ಬರೆದಿಟ್ಟುಕೊಳ್ಳುವುದು ಇದಕ್ಕೇ. ಬರೆಯದಿದ್ದರೆ ಮನಸ್ಸು ಆಟ ಮುಗಿದ ಮೇಲೆ ಗೆಲುವಿನ ಗೆರೆಯನ್ನೇ ಮುಂದಕ್ಕೆ ಸರಿಸುತ್ತದೆ. ನಂಬಿಕೆ ಅವತ್ತು 85ರಿಂದ 60ಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಒಂದೇ ಸಲಕ್ಕೆ ಇಳಿಯುವುದೂ ಇಲ್ಲ. ಇನ್ನೂ ಕೆಲವು ಮೀಟಿಂಗ್ ಬೇಕಾದವು. ಒಮ್ಮೆ ನಿಜವಾಗಿಯೂ ಒಬ್ಬ ಹಿರಿಯರು ಎಲ್ಲರ ಮುಂದೆ "ಅದೆಲ್ಲ ಆಗದ ಮಾತು" ಅಂದರು. ಆ ದಿನ ಕಲಿತದ್ದೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಒಬ್ಬರು ಒಪ್ಪದಿದ್ದರೂ ಮಾರನೆಯ ದಿನ ಬ್ಯಾಂಕಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂರಬಹುದು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

ನಿಮಗೂ ಇದೇ ದಾರಿ. ಟೀಮ್ ಲೀಡ್ ವಿಷಯ ಮುಗಿದುಹೋಗಿದೆ ಅಂದುಕೊಳ್ಳಬೇಡಿ. ಒಂದು ತಿಂಗಳಷ್ಟೇ ಆಗಿದೆ, ಮ್ಯಾನೇಜರ್ ಹತ್ತಿರ "ಆವತ್ತು ತಕ್ಷಣ ಹೇಳಿಬಿಟ್ಟೆ, ಇನ್ನೂ ಅವಕಾಶ ಇದ್ದರೆ ಮಾತಾಡೋಣವಾ?" ಅಂತ ಕೇಳಬಹುದು. ಅದು ತುಂಬಾ ದೊಡ್ಡದು ಅನ್ನಿಸಿದರೆ ಚಿಕ್ಕದರಿಂದ ಶುರು ಮಾಡಿ. ಹೊಸದಾಗಿ ಸೇರಿದವರಿಗೆ ತಿಂಗಳ ಕೊನೆಯ ಕ್ಲೋಸಿಂಗ್ ಕೆಲಸ ಹೇಳಿಕೊಡುವ ಜವಾಬ್ದಾರಿ ಕೇಳಿ ತೆಗೆದುಕೊಳ್ಳಿ. ಮುಂಚೆ ಬರೆದಿಡಿ, ನಿಮ್ಮ ಗುರಾಣಿ ಯಾವುದು ಅಂತ ಗುರುತಿಸಿ, ಒಂದನ್ನಾದರೂ ಬಿಟ್ಟು ಹೋಗಿ, ಬಂದು ಹಾಳೆ ನೋಡಿ.

ಇದರ ಜೊತೆಗೆ ಒಂದು ನೋಟ್‌ಬುಕ್ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನ್ ಪೆಡೆಸ್ಕಿ ಇಂಥ ತೀರ್ಮಾನಗಳನ್ನು ಪೂರ್ವಗ್ರಹಕ್ಕೆ ಹೋಲಿಸುತ್ತಾರೆ. ಪೂರ್ವಗ್ರಹ ಇರುವವನ ಮುಂದೆ ಎಷ್ಟು ಪುರಾವೆ ಇಟ್ಟರೂ ಒಂದನ್ನು ಕಾಣುವುದಿಲ್ಲ, ಇನ್ನೊಂದನ್ನು ತಿರುಚುತ್ತಾನೆ, ಮತ್ತೊಂದನ್ನು "ಅದು ಲೆಕ್ಕಕ್ಕಿಲ್ಲ" ಅನ್ನುತ್ತಾನೆ. ನೀವು ನಿಮ್ಮ ವಿಷಯದಲ್ಲಿ ಅದನ್ನೇ ಮಾಡುತ್ತಿದ್ದೀರಿ. 84 ಪರ್ಸೆಂಟ್ ಅಂದರೆ ಫಸ್ಟ್ ಕ್ಲಾಸ್‌ನಲ್ಲಿ ಪಾಸಾದ ಹುಡುಗಿ. ನಿಮ್ಮ ಪತ್ರದಲ್ಲಿ ಅದು ಸೋಲಿನ ಅಂಕಿಯಾಗಿ ಬಂದಿದೆ. ಹಾಗಾಗಿ ದಿನಾ ರಾತ್ರಿ "ನಾನು ಸಾಲದು" ಅನ್ನುವುದಕ್ಕೆ ಹೊಂದದ ಎರಡು ಮೂರು ಸಂಗತಿ ಬರೆಯಿರಿ. ದೊಡ್ಡ ಸಾಧನೆ ಹುಡುಕಬೇಡಿ, ಮೂರನೇ ದಿನಕ್ಕೇ ಪುಟ ಖಾಲಿ ಉಳಿಯುತ್ತದೆ. "ವೆಂಡರ್ ಬಿಲ್‌ನಲ್ಲಿ ಜಿಎಸ್‌ಟಿ ತಪ್ಪು ಕಂಡುಹಿಡಿದೆ." "ರೂಮ್‌ಮೇಟ್ ಅಳುತ್ತಾ ಬಂದಾಗ ನನ್ನ ಹತ್ತಿರವೇ ಬಂದಳು." ಇಷ್ಟು ಚಿಕ್ಕದು ಸಾಕು. ಏನಾಯಿತು ಅಂತ ಬರೆಯಿರಿ, "ನಾನು ಒಳ್ಳೆಯವಳು" ಅಂತ ಸರ್ಟಿಫಿಕೇಟ್ ಬರೆದುಕೊಳ್ಳಬೇಡಿ. ಅದನ್ನು ನೀವೇ ನಂಬುವುದಿಲ್ಲ, ಕೀಳರಿಮೆ ಇರುವವರು ಸುಮ್ನೆ ಹೊಗಳಿಕೊಂಡರೆ ಎಷ್ಟೋ ಸಲ ಇನ್ನೂ ಕುಗ್ಗುತ್ತಾರೆ.

ನೋಟ್‌ಬುಕ್ ಎರಡು ಥರ ಕೆಡುತ್ತದೆ. ಒಂದು, ಪ್ರತಿ ವಾಕ್ಯದ ಕೊನೆಗೆ "ಆದರೆ" ಬರುತ್ತದೆ. "ತಪ್ಪು ಕಂಡುಹಿಡಿದೆ, ಆದರೆ ಯಾರಾದರೂ ಹಿಡಿಯುತ್ತಿದ್ದರು." ಆ "ಆದರೆ"ಯನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ, ವಾಕ್ಯ ಅಲ್ಲಿಗೇ ಮುಗಿಯಲಿ. ಇನ್ನೊಂದು ಸ್ವಲ್ಪ ಮೋಸದ್ದು. "ಅಕ್ಕನಿಗೂ ಅಲ್ಲಿ ಕೆಲಸ ಹೋಗುವ ಹಾಗಿದೆಯಂತೆ" ಅಂತ ಕೇಳಿದ ದಿನ ಮನಸ್ಸು ಹಗುರವಾಗುತ್ತದೆ. ಅದನ್ನು ಬರೆಯಬೇಡಿ. ನಿಮ್ಮ ಸ್ನೇಹಿತರೂ ಇದೇ ಸಮಾಧಾನ ಹೇಳುತ್ತಿರಬಹುದು, "ಅವಳ ಕಷ್ಟ ನಿಂಗೇನು ಗೊತ್ತು" ಅಂತ. ಮಾತು ನಿಜವೇ ಇರಬಹುದು. ಆದರೆ ಅವಳು ಇಳಿದಾಗ ನೀವು ಏರುವ ಲೆಕ್ಕವನ್ನು ಒಪ್ಪಿಕೊಂಡರೆ, ಅವಳಿಗೆ ಗ್ರೀನ್ ಕಾರ್ಡ್ ಬಂದ ದಿನ ನೀವು ಮತ್ತೆ ಇಳಿಯಲೇಬೇಕು. ಹಳೇ ಆಟವನ್ನೇ ಗೆಲ್ಲುವ ಕಡೆಯಿಂದ ಆಡಿದ ಹಾಗೆ.

ಗೃಹಪ್ರವೇಶಕ್ಕೆ ಹೋಗಿ. ಬ್ಯಾಂಕಿನವರು ಮೀಟಿಂಗ್‌ಗೆ ಹೋದ ಹಾಗೆಯೇ ಹೋಗಿ, ಅಂದರೆ ಮುಂಚೆ ಬರೆದಿಟ್ಟುಕೊಂಡು. ಎಷ್ಟು ಜನ ಅಕ್ಕನ ಜೊತೆ ಹೋಲಿಸಿ ಮಾತಾಡುತ್ತಾರೆ ಅಂತ ಅಂದಾಜು ಮಾಡಿ ಒಂದು ಸಂಖ್ಯೆ ಬರೆಯಿರಿ. ಹೋಲಿಸಿದರೆ ನೀವು ಏನಾಗುತ್ತೀರಿ ಅಂತಲೂ ಬರೆಯಿರಿ: ಅಳುತ್ತೀರಾ, ಎದ್ದು ಹೋಗುತ್ತೀರಾ, ಎಷ್ಟು ಹೊತ್ತು ಆ ಮಾತು ಕೊರೆಯುತ್ತದೆ? ಫಂಕ್ಷನ್‌ಗಳಲ್ಲಿ ನಿಮ್ಮ ಗುರಾಣಿ ಏನಿರಬಹುದು ಅಂತ ನಾನು ಊಹಿಸಬಲ್ಲೆ. ಅಡುಗೆಯವರ ಹತ್ತಿರ ನಿಂತು ಕೆಲಸದ ನೆಪ ಮಾಡುವುದು, ಫೋನ್ ಹಿಡಿದು ಮೂಲೆಯಲ್ಲಿ ಕೂರುವುದು, ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಬಸ್ಸಿಗೆ ಹೊತ್ತಾಯಿತು ಅನ್ನುವುದು. ಇವುಗಳಲ್ಲಿ ಒಂದನ್ನು ಬಿಡಿ. ಸತ್ಯನಾರಾಯಣ ಪೂಜೆ ಮುಗಿಯುವವರೆಗೆ ಹೆಂಗಸರು ಕೂತಿರುವ ಕಡೆಯೇ ಕೂತಿರುವುದು ಒಳ್ಳೆಯ ಗುರಿ.

ಮಾತು ಬಂದಾಗ ಏನು ಹೇಳುವುದು? ಬುದ್ಧಿವಂತಿಕೆಯ ಎದಿರೇಟು ತಯಾರು ಮಾಡಿಕೊಳ್ಳಬೇಡಿ, ಅದೂ ಸ್ಪರ್ಧೆಯೇ. "ಹೌದು ದೊಡ್ಡಮ್ಮ, ಅಕ್ಕ ಚೆನ್ನಾಗಿದ್ದಾಳೆ ಅಂತ ಅಮ್ಮನೂ ಹೇಳಿದಳು. ನನಗೂ ಕೆಲಸ ಸರಿಹೋಗಿದೆ. ನಿಮ್ಮ ಮಂಡಿನೋವು ಹೇಗಿದೆ?" ಇದರಲ್ಲಿ ಸುಳ್ಳಿಲ್ಲ, ವಾದವೂ ಇಲ್ಲ. ಸಂಬಳ ಕೇಳಿದರೆ "ನನ್ನ ಖರ್ಚಿಗೆ ಆಗಿ ಸ್ವಲ್ಪ ಉಳಿಯುತ್ತೆ ಅತ್ತೆ" ಅಂದರೆ ಸಾಕು, ಸಂಖ್ಯೆ ಕೊಡುವ ಸಾಲ ನಿಮಗಿಲ್ಲ. ಬಣ್ಣದ ಮಾತು ಮಾತ್ರ ನಯವಾಗಿ ತೇಲಿಸಿ ಬಿಡುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ. "ಅತ್ತೆ, ಬಣ್ಣದ ಮಾತು ಬೇಡ, ನನಗೆ ನೋವಾಗುತ್ತೆ" ಅಂತ ಸಾಮಾನ್ಯ ಧ್ವನಿಯಲ್ಲಿ ಒಮ್ಮೆ ಹೇಳಿ, ನಗು ಸೇರಿಸದೆ. "ಅಯ್ಯೋ, ತಮಾಷೆಗೆ ಅಂದೆ" ಅನ್ನುತ್ತಾರೆ. "ಗೊತ್ತು, ಆದರೂ ಬೇಡ" ಅನ್ನಿ. ಕೂತಲ್ಲಿ ಒಂದು ನಿಮಿಷ ಮೌನ ಆಗುತ್ತದೆ. ಆ ಮೌನವನ್ನು ನೀವು ತುಂಬಬೇಕಾಗಿಲ್ಲ.

ಮನೆಗೆ ಬಂದು ಎಣಿಸಿ. ಹತ್ತು ಅಂದುಕೊಂಡ ಕಡೆ ಎರಡೋ ಮೂರೋ ಬಂದಿರುತ್ತದೆ ಅನ್ನುವುದು ನನ್ನ ಅನುಭವ, ಹಾಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಜಾಸ್ತಿಯೇ ಬಂದರೂ ನೀವು ಬರೆದ ಎರಡನೇ ಭಾಗ ಉಳಿದಿದೆಯಲ್ಲ, ನಿಮಗೆ ಏನಾಗುತ್ತದೆ ಅನ್ನುವುದು, ಅದನ್ನು ನೋಡಿ.

ಅಕ್ಕ ಊರಿಗೆ ಬಂದಿದ್ದರೆ ಅವಳ ಜೊತೆ ಅರ್ಧ ಗಂಟೆ ಇಬ್ಬರೇ ಕೂತು ಮಾತಾಡಿ. ಅವಳ ಕಷ್ಟ ಕೆದಕಲು ಅಲ್ಲ. ಇಪ್ಪತ್ತು ವರ್ಷ ಅವಳ ಬಗ್ಗೆ ನೀವು ಕೇಳಿದ್ದೆಲ್ಲ ಬೇರೆಯವರ ಬಾಯಿಂದ, ಅದೂ ನಿಮ್ಮನ್ನು ಅಳೆಯುವ ಸಂದರ್ಭದಲ್ಲಿ. ಅವಳ ಹೆಸರು ಬಂದರೆ ಮೈ ಬಿಗಿಯಾಗುವುದು ಅದಕ್ಕೇ. ಎದುರಿಗೆ ಕೂತ ಮನುಷ್ಯಳ ಜೊತೆ ಕಾಫಿ ಕುಡಿದರೆ ಆ ಬಿಗಿತ ಎಷ್ಟೋ ಸಡಿಲವಾಗುತ್ತದೆ.

ಮೇಲೆ ಹೇಳಿದ್ದೆಲ್ಲ ಸ್ವಂತವಾಗಿ ಮಾಡಬಹುದಾದದ್ದು, ಆದರೆ ಅದಕ್ಕೊಂದು ಮಿತಿ ಇದೆ. ಎರಡು ವಾರಕ್ಕಿಂತ ಜಾಸ್ತಿ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು, ಮುಂಚೆ ಇಷ್ಟವಾಗುತ್ತಿದ್ದದ್ದು ಬೇಡವಾಗುವುದು, ನಿದ್ದೆ ಊಟ ಏರುಪೇರಾಗುವುದು, ಬೆಳಗಾದರೆ ಏಳಲು ಶಕ್ತಿ ಇಲ್ಲ ಅನ್ನಿಸುವುದು ಇದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆ ಇದ್ದಾಗ ನೋಟ್‌ಬುಕ್ಕಿನಲ್ಲಿ ಒಳ್ಳೆಯದು ಏನೂ ಹೊಳೆಯುವುದೇ ಇಲ್ಲ, ಅದನ್ನೂ ಸೋಲು ಅಂತ ಎಣಿಸಿಕೊಳ್ಳುತ್ತೀರಿ. ಮೊದಲು ಖಿನ್ನತೆಗೆ ಚಿಕಿತ್ಸೆ ಆಗಬೇಕು. ಚಿಕ್ಕಂದಿನಲ್ಲಿ ಹೋಲಿಕೆಯ ಜೊತೆ ಹೊಡೆತವೋ ಬೇರೆ ಥರದ ಹಿಂಸೆಯೋ ಇದ್ದರೂ ಒಬ್ಬರೇ ಮಾಡಿಕೊಳ್ಳಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಬಹುದು, ಬೆಂಗಳೂರಿನಲ್ಲಿ ಇರುವುದರಿಂದ ನಿಮ್ಹಾನ್ಸ್ ಇದೆ. ಫೋನಿನಲ್ಲೇ ಶುರು ಮಾಡಬೇಕೆಂದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಯೋಚನೆ ಬಂದರಂತೂ ಕಾಯಲೇಬೇಡಿ, ಆ ಹೊತ್ತಿಗೇ ಕರೆ ಮಾಡಿ, ಹತ್ತಿರದವರೊಬ್ಬರಿಗೆ ಹೇಳಿ.

ಈಗ ಅಮ್ಮನ ವಿಷಯ. ಮಾತಾಡಿ, ಆದರೆ ಗೃಹಪ್ರವೇಶದ ಹಿಂದಿನ ದಿನ ಬೇಡ, ಫೋನಿನಲ್ಲೂ ಬೇಡ. ಇಬ್ಬರೇ ಇರುವಾಗ, ಅವಸರ ಇಲ್ಲದ ಹೊತ್ತಲ್ಲಿ. "ನೀನು ಯಾವಾಗಲೂ ನನ್ನನ್ನು ಕೀಳಾಗಿ ನೋಡಿದೆ" ಅಂತ ಶುರು ಮಾಡಿದರೆ ಅಮ್ಮ ತನ್ನ ಇಪ್ಪತ್ತೆಂಟು ವರ್ಷದ ಕಷ್ಟವನ್ನೆಲ್ಲ ಮುಂದಿಡುತ್ತಾರೆ, ಆ ಹೊತ್ತಿಗೆ ಮಾತು ಮುಗಿಯಿತು. ಒಂದೇ ಒಂದು ಘಟನೆ ಆರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನವೇ ಇರಬಹುದು. "ಅಮ್ಮಾ, ಅವತ್ತು ಅತ್ತೆ ಹಾಗಂದಾಗ ನೀನು ಸುಮ್ಮನಿದ್ದೆ. ನಿನಗೂ ಹಾಗೇ ಅನ್ನಿಸಿತ್ತು ಅಂತ ನಾನು ಅಂದುಕೊಂಡೆ. ನಿನಗೆ ಆಗ ಏನನ್ನಿಸಿತ್ತು?" ಕೊನೆಯ ಪ್ರಶ್ನೆಯನ್ನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿ.

ಉತ್ತರ ಹಲವು ಥರ ಬರಬಹುದು. ನಾನು ಕೇಳಿದ ಎಷ್ಟೋ ತಾಯಂದಿರಿಗೆ ಆ ದಿನ ನೆನಪಿತ್ತು. ಅತ್ತಿಗೆಯ ಎದುರು ಬಾಯಿ ತೆಗೆಯುವ ಧೈರ್ಯ ಇರಲಿಲ್ಲ, ರಾತ್ರಿ ತಾವೂ ಅತ್ತಿದ್ದೆವು ಅನ್ನುತ್ತಾರೆ. ಹಾಗೆ ಬಂದರೆ ನಿಮ್ಮ ಒಳಗಿನ ತೀರ್ಪಿನ ಒಂದು ಮುಖ್ಯ ಸಾಕ್ಷಿಯೇ ಬಿದ್ದುಹೋಗುತ್ತದೆ, ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕೆಲವರು "ಎಲ್ಲ ನಿನ್ನ ಒಳ್ಳೇದಕ್ಕೇ ಅಂದಿದ್ದು, ಅದನ್ನೆಲ್ಲ ಇನ್ನೂ ಇಟ್ಟುಕೊಂಡಿದ್ದೀಯಾ" ಅನ್ನುತ್ತಾರೆ. ಆಗ ಅವರಿಂದ ಕ್ಷಮೆ ಕೇಳಿಸುವವರೆಗೆ ಬಿಡುವುದಿಲ್ಲ ಅಂತ ಹಟ ಹಿಡಿಯಬೇಡಿ. ಹಳೆಯದನ್ನು ಅಲ್ಲಿಗೇ ಬಿಟ್ಟು ಮುಂದಿನದೊಂದನ್ನು ಕೇಳಿ: "ಆಯ್ತಮ್ಮ. ಇನ್ನು ಮೇಲೆ ಯಾರಾದರೂ ನನ್ನನ್ನು ಅಕ್ಕನ ಜೊತೆ ಹೋಲಿಸಿದರೆ, ನೀನು ಅಲ್ಲಿದ್ದರೆ, ಮಾತು ಬೇರೆ ಕಡೆ ತಿರುಗಿಸ್ತೀಯಾ? ಅಷ್ಟು ಮಾಡು." ಇದು ಅಮ್ಮಂದಿರು ಮಾಡಬಲ್ಲ ಕೆಲಸ. ಅದನ್ನೂ ಒಪ್ಪದಿದ್ದರೆ, ಅಮ್ಮನಿಗೆ ಏನೇನು ಹೇಳಬೇಕು ಅನ್ನುವುದನ್ನು ಸ್ವಲ್ಪ ಕಾಲ ಕಡಿಮೆ ಮಾಡಿ. ಟೀಮ್ ಲೀಡ್ ಬಗ್ಗೆ ಮ್ಯಾನೇಜರ್ ಹತ್ತಿರ ಮಾತಾಡಿ ತೀರ್ಮಾನ ಆದಮೇಲೆ ತಿಳಿಸಿದರೆ ಸಾಕು, ಮುಂಚೆ ಬೇಡ.